ಖಳನಿಲ್ಲದ ತ್ರಿಕೋನ ಪ್ರೇಮಕಥೆಯನ್ನು ಕಟ್ಟುವ ಬಗೆ

ತ್ರಿಕೋನ ಪ್ರೇಮದ ಕಥೆ ಬರೆಯುವವರಿಗೆ ಸಾಮಾನ್ಯವಾಗಿ ಕಥೆಯ ಮುಕ್ಕಾಲು ಭಾಗ ಮುಗಿದ ಹೊತ್ತಿಗೆ ಒಂದು ಪ್ರಲೋಭನೆ ಎದುರಾಗುತ್ತದೆ. ಅಲ್ಲಿಯವರೆಗೆ ಮೂವರನ್ನೂ ಪ್ರೀತಿಯಿಂದ ಬೆಳೆಸಿದ ಲೇಖಕರು ಕಥೆಯನ್ನು ಮುಗಿಸಲಾಗದೆ, ಒಬ್ಬನ ಬಾಯಲ್ಲಿ ಒಂದು ಒರಟು ಮಾತನ್ನೋ, ಕೈಯಲ್ಲಿ ಒಂದು ಕೆಟ್ಟ ಕೆಲಸವನ್ನೋ ಇಟ್ಟುಬಿಡುತ್ತಾರೆ. ಓದುಗರ ಮನಸ್ಸು ಅವನಿಂದ ದೂರ ಸರಿಯುತ್ತದೆ, ನಾಯಕಿಯ ಆಯ್ಕೆ ಸುಲಭವಾಗುತ್ತದೆ, ಮತ್ತು ಕಥೆಯು ತನ್ನನ್ನು ತಾನೇ ಕೇಳಿಕೊಂಡಿದ್ದ ಪ್ರಶ್ನೆಗೆ ಉತ್ತರ ಕೊಡದೆ ಮುಗಿಯುತ್ತದೆ. ಮೂವರೂ ಒಳ್ಳೆಯವರಾಗಿಯೇ ಉಳಿದು, ಕೊನೆಯಲ್ಲಿ ಮೂವರೂ ಏನನ್ನಾದರೂ ನಿಜವಾಗಿ ಕಳೆದುಕೊಳ್ಳುವಂತೆ ಕಥೆ ಕಟ್ಟುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ವಿವರಣೆಗಾಗಿ ಒಂದೇ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾ ಹೋಗುತ್ತೇನೆ. ಪಾತ್ರಗಳು ಕಲ್ಪಿತ, ಆದರೆ ಅವರ ಲೋಕ ನಿಜವಾದದ್ದು: ಪುತ್ತೂರಿನ ಆಚೀಚೆಯ ಒಂದು ಊರು, ತೆಂಕುತಿಟ್ಟಿನ ಒಂದು ಯಕ್ಷಗಾನ ಮೇಳ. ರಾಘವ ಮೇಳದಲ್ಲಿ ಚೆಂಡೆ-ಮದ್ದಳೆ ನುಡಿಸುವವನು. ಶಂಕರ ಅದೇ ಮೇಳದ ಭಾಗವತ, ರಾಘವನನ್ನು ಮೇಳಕ್ಕೆ ಕರೆತಂದವನು. ಜಯಂತಿ ಊರಿನ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತೀರಿಹೋದ ಅವಳ ತಂದೆ ತಾಳಮದ್ದಳೆಯ ಅರ್ಥಧಾರಿಯಾಗಿದ್ದರು, ಮತ್ತು ಅವರು ಕೈಯಲ್ಲಿ ಬರೆದಿಟ್ಟ ಪ್ರಸಂಗಗಳ ಕಟ್ಟು ಅವಳ ಮನೆಯಲ್ಲಿದೆ. ಜಯಂತಿಗೂ ರಾಘವನಿಗೂ ನಾಲ್ಕು ವರ್ಷಗಳಿಂದ ಒಪ್ಪಂದವಿದೆ: ತಂಗಿಯ ಮದುವೆ ಮುಗಿದು ಸೊಸೈಟಿಯ ಸಾಲ ಹಗುರಾದ ಮೇಲೆ ಅವರು ಮದುವೆಯಾಗಬೇಕು. ಈ ನಡುವೆ, ಹಳೆಯ ಪ್ರಸಂಗವೊಂದನ್ನು ಆಟಕ್ಕೆ ಸಿದ್ಧಪಡಿಸುವ ಕೆಲಸದಲ್ಲಿ ಜಯಂತಿಯೂ ಶಂಕರನೂ ಹತ್ತಿರವಾಗುತ್ತಾರೆ.

ಮೊದಲ ಹೆಜ್ಜೆ: ಹಂಚಿಕೊಳ್ಳಲಾಗದ ಒಂದು ಸಂಗತಿಯನ್ನು ಗೊತ್ತುಮಾಡಿಕೊಳ್ಳಿ

ಇಬ್ಬರಿಗೆ ಒಬ್ಬಳ ಮೇಲೆ ಪ್ರೀತಿ ಎಂಬುದಷ್ಟೇ ಕಥೆಗೆ ಸಾಲದು. ಅವಳು ಒಬ್ಬನನ್ನು ಆರಿಸಿಕೊಂಡ ಮರುದಿನ ಇನ್ನೊಬ್ಬನು ಅತ್ತು, ಆಮೇಲೆ ತನ್ನ ದಾರಿ ಹಿಡಿದು ಹೋಗಬಹುದಾಗಿದ್ದರೆ ಅಲ್ಲಿ ಕೊಡಬೇಕಾದ ಬೆಲೆ ಚಿಕ್ಕದು. ಆದ್ದರಿಂದ ಪಾತ್ರಗಳ ಸ್ವಭಾವವನ್ನು ಬರೆದುಕೊಳ್ಳುವ ಮೊದಲೇ, ಈ ಮೂವರ ಬದುಕೂ ಆಧರಿಸಿ ನಿಂತಿರುವ, ಎರಡಾಗಿ ಒಡೆದರೆ ಯಾರಿಗೂ ಉಳಿಯದ ಸಂಗತಿ ಯಾವುದು ಎಂದು ಹುಡುಕಬೇಕು. ಅದು ಒಂದು ತೋಟವಿರಬಹುದು, ಒಂದು ಅಂಗಡಿಯಿರಬಹುದು, ರೋಗಿಯಾದ ಹಿರಿಯರ ಆರೈಕೆಯಿರಬಹುದು.

ನಮ್ಮ ಕಥೆಯಲ್ಲಿ ಅದು ಹಿಮ್ಮೇಳ. ಭಾಗವತ ಮತ್ತು ಮದ್ದಳೆಗಾರ ರಂಗದ ಹಿಂಭಾಗದಲ್ಲಿ ಇಡೀ ತಿರುಗಾಟದುದ್ದಕ್ಕೂ ರಾತ್ರಿಯಿಂದ ರಾತ್ರಿಗೆ ಅಕ್ಕಪಕ್ಕದಲ್ಲಿ ಕೂರುವವರು. ಪದ್ಯವನ್ನು ಎಲ್ಲಿ ಎಳೆಯುತ್ತಾನೆ, ಎಲ್ಲಿ ಬಿಡುತ್ತಾನೆ ಎಂಬುದನ್ನು ಭಾಗವತ ಮಾತಿನಲ್ಲಿ ಹೇಳುವುದಿಲ್ಲ. ಪಕ್ಕದ ಕೈಗೆ ಅದು ಗೊತ್ತಿರಬೇಕು. ವರ್ಷಗಳಿಂದ ಬೆಳೆದ ಈ ತಿಳಿವಳಿಕೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಲು ಬರುವುದಿಲ್ಲ. ಇನ್ನೊಂದು ಸಂಗತಿ ಕಾಲ. ದೀಪಾವಳಿ ಕಳೆದ ಮೇಲೆ ಹೊರಡುವ ಮೇಳ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತದೆ. ಹೀಗಾಗಿ ಕಲಾವಿದನಿಗೆ ಮನೆಯೆಂಬುದು ನೆಮ್ಮದಿಯಾಗಿ ಸಿಗುವುದು ಮಳೆಗಾಲದಲ್ಲಿ ಮಾತ್ರ. ಅವನನ್ನು ಪ್ರೀತಿಸುವವರು ವರ್ಷದ ಅರ್ಧವನ್ನು ಕಾಯುವುದರಲ್ಲಿ ಕಳೆಯಬೇಕು. ಕಾಯುವಿಕೆಯೆಂಬುದು ಈ ಲೋಕದ ನಾಣ್ಯ ಎಂದು ನನಗೆ ತಿಳಿದ ಮೇಲೆ, ಕೊನೆಯ ಬೆಲೆಯನ್ನೂ ಅದರಲ್ಲಿಯೇ ತೆರಿಸಬೇಕೆಂಬುದು ಹೊಳೆಯಿತು. ಅದನ್ನು ಮುಂದೆ ನೋಡೋಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಾತಿಯ ಅಡ್ಡಿ, ತಂದೆಯ ಹಟ, ಹಣದ ಬಲ ಮುಂತಾದ ಹೊರಗಿನ ಒತ್ತಡವೇ ಮುಖ್ಯ ತೊಡಕಾಗಿದ್ದರೆ ಕಥೆಗೆ ಖಳನೊಬ್ಬ ಆಗಲೇ ಬಂದಿದ್ದಾನೆ, ಅವನು ತ್ರಿಕೋನದ ಹೊರಗೆ ನಿಂತಿದ್ದಾನೆ ಅಷ್ಟೆ. ಅಂಥ ಕಥೆಯನ್ನೂ ಬರೆಯಬೇಕು, ಆದರೆ ಅದು ಬೇರೆ ಕಥೆ. ಅದಕ್ಕಾಗಿಯೇ ನಮ್ಮ ಕಥೆಯಲ್ಲಿ ಮೂವರ ಮನೆಯವರೂ ಯಾವ ಮದುವೆಗೂ ಅಡ್ಡ ಬರುವವರಲ್ಲ ಎಂದು ಮೊದಲೇ ನಿರ್ಧರಿಸಿಕೊಂಡಿದ್ದೇನೆ.

ಎರಡನೆಯ ಹೆಜ್ಜೆ: ಪ್ರತಿಯೊಬ್ಬರಿಗೂ ಮೂರು ಸಾಲು

ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಬಗ್ಗೆ ಮೂರೇ ಸಾಲು ಬರೆಯಿರಿ: ಇವರಿಗೆ ಏನು ಬೇಕು, ಇವರು ಈಗಾಗಲೇ ಏನನ್ನು ಕೊಟ್ಟಿದ್ದಾರೆ, ಇವರು ಏನೇ ಆದರೂ ಯಾವ ಕೆಲಸವನ್ನು ಮಾಡಲಾರರು. ಎರಡನೆಯ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆದರೆ ಓದುಗರು ಒಬ್ಬರ ಪಕ್ಷ ವಹಿಸುವುದು ಅವರಿಗೆ ಏನು ಬೇಕೆಂಬುದನ್ನು ನೋಡಿಯಲ್ಲ, ಅವರು ಏನನ್ನು ಕೊಟ್ಟಿದ್ದಾರೆಂಬುದನ್ನು ನೋಡಿ. ಮೂವರೂ ಕೊಟ್ಟವರಾಗಿದ್ದರೆ ಮಾತ್ರ ಮೂವರ ಹಕ್ಕೂ ನ್ಯಾಯವೆನಿಸುತ್ತದೆ.

ರಾಘವನಿಗೆ ಬೇಕಾದದ್ದು ಜಯಂತಿಯೊಂದಿಗೆ ಒಂದು ಮನೆ. ಅವನು ಕೊಟ್ಟಿರುವುದು ನಾಲ್ಕು ವರ್ಷಗಳ ದುಡಿಮೆ ಮತ್ತು ಮಾತಿಗೆ ತಪ್ಪದ ನಡತೆ. ಅವನು ಮಾಡಲಾರದ್ದು, ತಂಗಿಯ ಜವಾಬ್ದಾರಿಯನ್ನು ಕಳಚಿಕೊಂಡು ತನ್ನ ಸುಖವನ್ನು ಮೊದಲು ನೋಡುವುದು. ಶಂಕರನಿಗೆ ನಲವತ್ತಾಗಿದೆ, ತಿರುಗಾಟದಲ್ಲಿ ಮದುವೆಯ ವಯಸ್ಸು ದಾಟಿಹೋಗಿದೆ. ಅವನಿಗೆ ಬೇಕಾದದ್ದು ತನ್ನ ಪದ್ಯವನ್ನು ಅರ್ಥಸಹಿತ ಕೇಳಬಲ್ಲ ಒಂದು ಜೀವ. ಅವನು ಕೊಟ್ಟಿರುವುದು ರಾಘವನಿಗೆ ಕಲಿಸಿದ ವಿದ್ಯೆ. ಅವನು ಮಾಡಲಾರದ್ದು ಶಿಷ್ಯನಂತಿರುವವನ ಬೆನ್ನಿಗೆ ಮೋಸ. ಜಯಂತಿಗೆ ಬೇಕಾದದ್ದು, ತನ್ನ ಬದುಕು ಇನ್ನೊಬ್ಬರ ಕರ್ತವ್ಯ ಮುಗಿದ ಮೇಲೆ ಆರಂಭವಾಗುವುದಲ್ಲ, ಈಗಲೇ ನಡೆಯುತ್ತಿರುವುದು ಎಂಬ ಭರವಸೆ. ಅವಳು ಕೊಟ್ಟಿರುವುದು ಕಾದ ವರ್ಷಗಳು, ಜತೆಗೆ ರಾಘವನ ತಾಯಿಗೆ ಕಾಯಿಲೆಯಾದಾಗ ಮಾಡಿದ ಶುಶ್ರೂಷೆ. ಅವಳು ಮಾಡಲಾರದ್ದು, ಮನಸ್ಸಿಲ್ಲದೆ ಮಾತನ್ನು ಮಾತ್ರ ಉಳಿಸಿಕೊಳ್ಳುವುದು.

ಈ ಹಾಳೆ ಸರಿಯಾಗಿದೆಯೇ ಎಂದು ತಿಳಿಯುವುದಕ್ಕೆ ಒಂದು ಪರೀಕ್ಷೆಯಿದೆ: ಕಥೆಯ ತೊಡಕು ಯಾರದಾದರೂ ದೌರ್ಬಲ್ಯದಿಂದ ಹುಟ್ಟಿದೆಯೇ, ಅಥವಾ ಗುಣದಿಂದಲೇ ಹುಟ್ಟಿದೆಯೇ ಎಂದು ಕೇಳಿಕೊಳ್ಳಿ. ರಾಘವನು ಕರ್ತವ್ಯನಿಷ್ಠನಾದುದರಿಂದಲೇ ಜಯಂತಿ ಕಾಯಬೇಕಾಯಿತು. ಊರಿನಲ್ಲಿ ಟೀಚರ ಹೆಸರಿಗೆ ಮಾತು ಬರಬಾರದೆಂಬ ಕಾಳಜಿಯಿಂದಲೇ ಅವನು ತಮ್ಮ ಒಪ್ಪಂದವನ್ನು ಗುಟ್ಟಾಗಿಡಲು ಹೇಳಿದ. ‘ಅವರ ಮನೆಯಲ್ಲಿ ಹಳೆಯ ಪ್ರಸಂಗದ ಕಟ್ಟಿದೆ, ಒಮ್ಮೆ ಹೋಗಿ ನೋಡಿ ಶಂಕರಣ್ಣ’ ಎಂದು ಕಳುಹಿಸಿದವನೂ ಅವನೇ. ಅವನ ಒಳ್ಳೆಯತನವನ್ನು ತೆಗೆದುಹಾಕಿದರೆ ಕಥೆಯೇ ನಡೆಯುವುದಿಲ್ಲ. ಹೀಗಿದ್ದರೆ ಅಡಿಪಾಯ ಗಟ್ಟಿಯಾಗಿದೆ ಎಂದು ತಿಳಿಯಬಹುದು.

ಖಳರಿಲ್ಲ ಎಂದರೆ ತಪ್ಪುಗಳಿಲ್ಲ ಎಂದರ್ಥವಲ್ಲ. ತಪ್ಪೇ ಮಾಡದ ಮೂವರು ಓದುಗರಿಗೆ ಬೇಗ ಬೇಸರ ತರಿಸುತ್ತಾರೆ. ಪ್ರತಿಯೊಬ್ಬರಿಗೂ ಒಂದು ತಪ್ಪು ಇರಲಿ, ಅದು ಅವರ ಗುಣಕ್ಕೆ ಅಂಟಿಕೊಂಡೇ ಇರಲಿ. ರಾಘವನು ನಾಲ್ಕನೆಯ ವರ್ಷವೂ ಕಾಯುತ್ತೀಯಾ ಎಂದು ಜಯಂತಿಯನ್ನು ಕೇಳಲಿಲ್ಲ, ಕಾಯುತ್ತಾಳೆ ಎಂದುಕೊಂಡ. ಜಯಂತಿ ಹೇಳಬೇಕಾದ ಮಾತನ್ನು ಕೆಲವು ತಿಂಗಳು ತಡೆಹಿಡಿದಳು. ಶಂಕರನು ನಿಜ ತಿಳಿದ ಮೇಲೆ ಮೌನವಾಗಿ ಹಿಂದೆ ಸರಿದನೇ ಹೊರತು ಯಾರೊಂದಿಗೂ ಬಾಯಿಬಿಟ್ಟು ಮಾತಾಡಲಿಲ್ಲ.

ಮೂರನೆಯ ಹೆಜ್ಜೆ: ಮೂರನೆಯ ಬದಿಯನ್ನು ತುಂಬಿಸಿ

ತ್ರಿಕೋನ ಎಂದು ಹೆಸರಿಟ್ಟರೂ ಬಹಳಷ್ಟು ಕಥೆಗಳಲ್ಲಿ ಇರುವುದು ಎರಡೇ ಬದಿ. ನಾಯಕಿಗೆ ಮೊದಲನೆಯವನೊಂದಿಗೆ ಒಂದು ಸಂಬಂಧ, ಎರಡನೆಯವನೊಂದಿಗೆ ಇನ್ನೊಂದು. ಆದರೆ ಆ ಇಬ್ಬರ ನಡುವೆ ಪೈಪೋಟಿಯನ್ನು ಬಿಟ್ಟರೆ ಬೇರೇನೂ ಇಲ್ಲ. ನನ್ನ ಅನುಭವದಲ್ಲಿ, ಯಾರೂ ಖಳರಾಗದ ಕಥೆಯ ಭಾರವೆಲ್ಲ ನಿಲ್ಲುವುದು ಈ ಮೂರನೆಯ ಬದಿಯ ಮೇಲೆಯೇ. ಇಬ್ಬರು ಪ್ರತಿಸ್ಪರ್ಧಿಗಳಿಗೆ ತಮ್ಮತಮ್ಮಲ್ಲಿಯೇ ಒಂದು ಆಳವಾದ ನಂಟಿದ್ದರೆ ಗೆದ್ದವನೂ ಗೆಲುವಿನಲ್ಲಿಯೇ ಏನನ್ನೋ ಕಳೆದುಕೊಳ್ಳುತ್ತಾನೆ. ನಂಟಿಲ್ಲದಿದ್ದರೆ, ಗೆದ್ದವನಿಗೆ ಎಂಥ ಬೆಲೆಯನ್ನು ಹೊರಿಸಿದರೂ ಅದು ಲೇಖಕರು ಹೊರಗಿನಿಂದ ತಂದು ಅಂಟಿಸಿದ ಶಿಕ್ಷೆಯಂತೆ ಕಾಣುತ್ತದೆ.

ಆದ್ದರಿಂದ ಜಯಂತಿ ಇಲ್ಲದ, ಅವಳ ಹೆಸರೂ ಬರದ ಎರಡು ದೃಶ್ಯಗಳನ್ನಾದರೂ ರಾಘವ ಮತ್ತು ಶಂಕರರ ನಡುವೆ ಬರೆಯಿರಿ, ಮತ್ತು ಅವನ್ನು ಕಥೆಯ ಮೊದಲರ್ಧದಲ್ಲಿಯೇ ಇಡಿ. ಒಂದರಲ್ಲಿ ಶಂಕರನ ಗಂಟಲು ಕೆಟ್ಟ ರಾತ್ರಿ ರಾಘವನು ನುಡಿತವನ್ನು ತುಂಬಿಕೊಟ್ಟು, ಪದ್ಯಗಳ ನಡುವಿನ ಬಿಡುವನ್ನು ಹಿಗ್ಗಿಸಿ, ಸಭೆಗೆ ತಿಳಿಯದ ಹಾಗೆ ಭಾಗವತನನ್ನು ಬೆಳಗಿನವರೆಗೆ ದಾಟಿಸಬಹುದು. ಇನ್ನೊಂದರಲ್ಲಿ ರಾಘವನ ತಂಗಿಯ ಮದುವೆಯ ಮಾತುಕತೆಗೆ ಹಿರಿಯನಾಗಿ ಶಂಕರನೇ ಹೋಗಿ ಕುಳಿತುಕೊಳ್ಳಬಹುದು. ಈ ದೃಶ್ಯಗಳಲ್ಲಿ ಪ್ರೇಮದ ಸುಳಿವು ಬೇಡ. ಓದುಗರು ಈ ಗೆಳೆತನ ಉಳಿಯಲಿ ಎಂದು ಬಯಸುವಂತಾಗಬೇಕು, ಅಷ್ಟೇ.

ನಾಲ್ಕನೆಯ ಹೆಜ್ಜೆ: ಯಾರಿಗೆ ಯಾವಾಗ ಏನು ಗೊತ್ತು

ಒಳ್ಳೆಯವರ ಕಥೆ ಹೆಚ್ಚಾಗಿ ಹಾಳಾಗುವುದು ಇಲ್ಲಿ. ಮೂವರೂ ಪ್ರಾಮಾಣಿಕರಾಗಿದ್ದರೆ ಮೂವರೂ ಒಂದು ಸಂಜೆ ಕುಳಿತು ಮಾತಾಡಿ ಮುಗಿಸಬಹುದಿತ್ತಲ್ಲ ಎಂಬ ಪ್ರಶ್ನೆ ಓದುಗರಿಗೆ ಏಳುತ್ತದೆ, ಮತ್ತು ಆ ಪ್ರಶ್ನೆಗೆ ಲೇಖಕರಲ್ಲಿ ಉತ್ತರವಿಲ್ಲದಿದ್ದರೆ ಕಳೆದುಹೋದ ಪತ್ರ, ತಪ್ಪಾಗಿ ಕೇಳಿಸಿಕೊಂಡ ಮಾತು, ಬೇರೆಯವರ ಕೈಗೆ ಸಿಕ್ಕ ಮೊಬೈಲ್ ಇವೆಲ್ಲ ಬಂದು ಸೇರುತ್ತವೆ. ತಪ್ಪು ತಿಳಿವಳಿಕೆಯಿಂದ ಹುಟ್ಟಿದ ನೋವು ಸರಿಯಾದ ತಿಳಿವಳಿಕೆಯಿಂದ ವಾಸಿಯಾಗುತ್ತದೆ. ನಮಗೆ ಬೇಕಾಗಿರುವುದು ಎಲ್ಲ ತಿಳಿದ ಮೇಲೂ ಉಳಿಯುವ ನೋವು.

ಇದಕ್ಕಾಗಿ ತಿಂಗಳುಗಳನ್ನು ಎಡಗಡೆ ಬರೆದುಕೊಂಡು, ಪ್ರತಿ ತಿಂಗಳಲ್ಲೂ ಮೂವರಲ್ಲಿ ಯಾರಿಗೆ ಏನು ಗೊತ್ತು, ಗೊತ್ತಿದ್ದೂ ಹೇಳದಿದ್ದರೆ ಅದಕ್ಕೆ ಗೌರವಯುತವಾದ ಕಾರಣವೇನು ಎಂದು ಒಂದು ಪಟ್ಟಿ ಮಾಡಿಕೊಳ್ಳಿ. ನಮ್ಮ ಕಥೆಯಲ್ಲಿ ಅದು ಹೀಗೆ ಬರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಶಾಲೆ ಬಿಟ್ಟ ಮೇಲೆ ಜಯಂತಿಯೂ ಶಂಕರನೂ ಪ್ರಸಂಗದ ಪದ್ಯಗಳನ್ನು ಓದಿ ಪ್ರತಿ ಮಾಡುತ್ತಾರೆ. ಹಲವು ಸಂಜೆ ರಾಘವನೂ ಬಂದು ಪದ್ಯಗಳಿಗೆ ತಾಳದ ನಡೆಗಳನ್ನು ಗೊತ್ತುಮಾಡಿಕೊಡುತ್ತಾನೆ. ಮೇಳ ಹೊರಡುವ ಮುನ್ನ ಶಂಕರನು ‘ಬರುವ ಮಳೆಗಾಲಕ್ಕೆ ಟೀಚರಲ್ಲಿ ಒಂದು ಮಾತು ಕೇಳಬೇಕೆಂದಿದ್ದೇನೆ’ ಎಂದಷ್ಟೇ ಹೇಳುತ್ತಾನೆ. ಆ ಮಾತು ಏನೆಂದು ಜಯಂತಿಗೆ ಗೊತ್ತು, ತನ್ನ ಉತ್ತರ ಏನೆಂಬುದೂ ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಆದರೆ ಇದನ್ನು ಮೊದಲು ಕೇಳುವ ಹಕ್ಕು ರಾಘವನದು ಎಂದು ಅವಳಿಗೆ ಅನಿಸುತ್ತದೆ. ತಂಗಿಯ ಮದುವೆ ವೈಶಾಖಕ್ಕೆ ನಿಶ್ಚಯವಾಗಿರುವಾಗ, ಆ ಭಾರವನ್ನು ಹೊತ್ತವನ ತಲೆಯ ಮೇಲೆ ಇದನ್ನೂ ಇಡುವುದು ಕ್ರೌರ್ಯವೆನಿಸಿ ಅವಳು ತಡೆಯುತ್ತಾಳೆ. ಫೆಬ್ರವರಿಯ ಒಂದು ರಾತ್ರಿ, ವೇಷ ಕಟ್ಟುವ ಚೌಕಿಯಲ್ಲಿ ರಾಘವನು ಸಂತೋಷ ತಡೆಯಲಾರದೆ ‘ತಂಗಿಯದಾದ ಮೇಲೆ ನನ್ನದೂ ಉಂಟು ಶಂಕರಣ್ಣ, ಹುಡುಗಿ ನಿಮಗೆ ಗೊತ್ತಿದ್ದವಳೇ’ ಎಂದು ಹೇಳಿಬಿಡುತ್ತಾನೆ. ಅರ್ಧ ಗಂಟೆಯೊಳಗೆ ಇಬ್ಬರೂ ರಂಗದಲ್ಲಿ ಅಕ್ಕಪಕ್ಕ ಕೂರಬೇಕು.

ಈ ಪಟ್ಟಿಯಲ್ಲಿ ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಿ. ಹೇಳದೆ ಉಳಿದ ಪ್ರತಿ ಮಾತಿನ ಹಿಂದೆಯೂ ಇನ್ನೊಬ್ಬರ ಹಿತದ ಯೋಚನೆಯಿದೆ, ಜತೆಗೆ ಸ್ವಲ್ಪ ಅಂಜಿಕೆಯೂ ಇದೆ. ಆ ಅಂಜಿಕೆಯನ್ನು ಅಳಿಸಬೇಡಿ. ಜಯಂತಿಯ ತಡ ಪೂರ್ತಿಯಾಗಿ ಕರುಣೆಯಿಂದ ಹುಟ್ಟಿದ್ದೆಂದು ಲೇಖಕರು ವಾದಿಸತೊಡಗಿದರೆ ಓದುಗರು ಅವಳನ್ನು ನಂಬುವುದನ್ನು ಬಿಡುತ್ತಾರೆ.

ಯಾರ ಕಣ್ಣಿನಿಂದ ಕಥೆ ಹೇಳಬೇಕೆಂಬ ಪ್ರಶ್ನೆಯನ್ನೂ ಈ ಹಂತದಲ್ಲಿಯೇ ತೀರ್ಮಾನಿಸಬೇಕಾಗುತ್ತದೆ. ನಾವು ಯಾರ ಮನಸ್ಸಿನೊಳಗೆ ಕೂರುತ್ತೇವೆಯೋ ಅವರನ್ನು ಓದುಗರು ತಾವಾಗಿಯೇ ಕ್ಷಮಿಸುತ್ತಾರೆ. ನಿರ್ಧಾರ ಜಯಂತಿಯದಾದುದರಿಂದ ಸಣ್ಣಕಥೆಯಾದರೆ ನಾನು ಅವಳ ಕಣ್ಣನ್ನೇ ಆರಿಸುತ್ತೇನೆ. ಆಗ ತೂಕ ಅವಳ ಕಡೆ ವಾಲುವುದರಿಂದ, ಕಥೆಯ ಅತ್ಯಂತ ನೇರವಾದ, ಮರೆಯಲಾಗದ ಮಾತುಗಳನ್ನು ರಾಘವನಿಗೆ ಕೊಡಬೇಕು. ಅವಳು ಅವನ ಬಗ್ಗೆ ಏನನ್ನು ನೆನೆಯುತ್ತಾಳೋ ಅದಕ್ಕಿಂತ ಅವನು ಎದುರು ಬಂದಾಗ ದೊಡ್ಡವನಾಗಿ ಕಾಣಬೇಕು.

ಐದನೆಯ ಹೆಜ್ಜೆ: ಮುಕ್ತಾಯವನ್ನು ಆರಿಸುವುದು

ಸಾಧ್ಯವಿರುವ ಮುಕ್ತಾಯಗಳನ್ನೆಲ್ಲ ಬರೆದು, ಪ್ರತಿಯೊಂದರಲ್ಲಿ ಯಾರು ಏನನ್ನು ಕಳೆದುಕೊಳ್ಳುತ್ತಾರೆಂದು ಪಕ್ಕದಲ್ಲಿ ಬರೆಯಿರಿ. ಯಾವುದಾದರೂ ಒಂದು ಹೆಸರಿನ ಮುಂದೆ ಜಾಗ ಖಾಲಿ ಉಳಿದರೆ ಆ ಮುಕ್ತಾಯ ನಮಗೆ ಸಲ್ಲದು.

ಜಯಂತಿ ರಾಘವನನ್ನೇ ಮದುವೆಯಾಗಿ, ಶಂಕರನು ಒಂದು ನಿಟ್ಟುಸಿರಿನೊಂದಿಗೆ ಹಿಂದೆ ಸರಿದರೆ ಬೆಲೆ ತೆರುವವನು ಶಂಕರ ಒಬ್ಬನೇ. ಅವಳು ಇಬ್ಬರನ್ನೂ ಬಿಟ್ಟು ದೂರದ ಊರಿಗೆ ವರ್ಗ ಮಾಡಿಸಿಕೊಂಡು ಹೋಗುವ ಮುಕ್ತಾಯದಲ್ಲಿ ಮೂವರೂ ಕಳೆದುಕೊಳ್ಳುತ್ತಾರೆಂಬುದು ನಿಜ. ಆದರೆ ಅದು ಬಹುಪಾಲು ಲೇಖಕರು ಆಯ್ಕೆಯಿಂದ ತಪ್ಪಿಸಿಕೊಳ್ಳುವ ದಾರಿ. ಅವಳ ಮನಸ್ಸು ಯಾರ ಕಡೆಗಿದೆ ಎಂದು ಕಥೆ ತೋರಿಸಿದ ಮೇಲೂ ಅವಳನ್ನು ಒಂಟಿಯಾಗಿ ಬಸ್ಸು ಹತ್ತಿಸಿದರೆ ಅವಳ ಬಯಕೆಗೆ ಅವಳೇ ಬೆಲೆ ಕೊಡದಂತಾಗುತ್ತದೆ. ಒಬ್ಬನಿಗೆ ಅಪಘಾತ ಮಾಡಿಸುವುದು, ರೋಗ ತರಿಸುವುದು, ಅಥವಾ ಸೋತವನಿಗೆ ಕೊನೆಯ ಪುಟದಲ್ಲಿ ಇನ್ನೊಂದು ಹುಡುಗಿಯನ್ನು ಪರಿಚಯಿಸುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿ ನಿರ್ಧಾರ ಮಾಡುವವರು ಪಾತ್ರಗಳಲ್ಲ, ಲೇಖಕರು.

ಆದರೆ ತ್ಯಾಗದ ಮುಕ್ತಾಯದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಅದು ನಮ್ಮ ಓದುಗರಿಗೆ ಬಹಳ ಪ್ರಿಯವಾದದ್ದು ಮತ್ತು ಬರೆಯುವಾಗ ಕಣ್ಣಲ್ಲಿ ನೀರು ತರಿಸುವಂಥದ್ದು. ಇಬ್ಬರೂ ಪ್ರೀತಿಸುತ್ತಿದ್ದಾರೆಂದು ತಿಳಿದ ರಾಘವ ತಾನಾಗಿಯೇ ‘ನೀವಿಬ್ಬರೂ ಸುಖವಾಗಿರಿ’ ಎಂದು ಹೇಳಿ ಹೋಗುತ್ತಾನೆಂದು ಇಟ್ಟುಕೊಳ್ಳೋಣ. ಆಗ ಮೂರು ತೊಂದರೆಗಳು ಹುಟ್ಟುತ್ತವೆ. ತನ್ನದಲ್ಲದ ಒಬ್ಬಳನ್ನು ಇನ್ನೊಬ್ಬನಿಗೆ ದಾನ ಮಾಡಿದಂತಾಗಿ ಜಯಂತಿ ವಸ್ತುವಾಗುತ್ತಾಳೆ. ರಾಘವನು ಕಳೆದುಕೊಂಡರೂ ಹಿರಿಮೆಯನ್ನು ಗಳಿಸುವುದರಿಂದ ಅವನ ನಷ್ಟ ಅರ್ಧದಷ್ಟು ತುಂಬಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜಯಂತಿ ‘ನಾನು ಮಾತಿಗೆ ತಪ್ಪುತ್ತಿದ್ದೇನೆ’ ಎಂದು ತನ್ನ ಬಾಯಿಂದ ಹೇಳುವ ಕಷ್ಟದಿಂದ ಪಾರಾಗುತ್ತಾಳೆ. ತ್ಯಾಗವನ್ನು ಇಡಲೇಬೇಕೆಂದಿದ್ದರೆ ಅದನ್ನು ಯಾರೂ ಕೇಳದ, ಯಾರಿಗೂ ಉಪಯೋಗವಾಗದ ತ್ಯಾಗವಾಗಿಸಿ. ಶಂಕರನು ಫೆಬ್ರವರಿಯಿಂದ ಮೌನವಾಗಿ ಹಿಂದೆ ಸರಿದದ್ದು ಅಂಥದ್ದು: ಅದು ಜಯಂತಿಯ ಮನಸ್ಸನ್ನು ಬದಲಿಸುವುದಿಲ್ಲ, ರಾಘವನ ನೋವನ್ನು ಕಡಿಮೆ ಮಾಡುವುದೂ ಇಲ್ಲ.

ಹೀಗೆ ಒಂದೊಂದನ್ನೇ ಹೊಡೆದುಹಾಕಿದ ಮೇಲೆ ಉಳಿಯುವುದು, ಜಯಂತಿ ಶಂಕರನನ್ನು ಆರಿಸಿಕೊಂಡು ಅದನ್ನು ರಾಘವನಿಗೆ ತಾನೇ ಹೇಳುವ ಮುಕ್ತಾಯ. ಇದರ ಬೆಲೆಪಟ್ಟಿ ಹೀಗಿದೆ. ರಾಘವ ಕಳೆದುಕೊಳ್ಳುವುದು ಜಯಂತಿಯನ್ನು, ಕಾದ ವರ್ಷಗಳ ಅರ್ಥವನ್ನು, ಮತ್ತು ತನ್ನ ಕೈಗೆ ಸರಿಸಾಟಿಯಾದ ಪದ್ಯವನ್ನು. ಊರೆಲ್ಲ ಅವನದೇ ಸರಿ ಎನ್ನುತ್ತದೆ, ಮತ್ತು ಆ ಅನುಕಂಪವನ್ನು ಪ್ರತಿ ಮನೆಯಲ್ಲೂ ಕುಳಿತು ಕೇಳಬೇಕಾಗಿ ಬರುವುದೂ ಒಂದು ಬೆಲೆಯೇ. ಶಂಕರ ಕಳೆದುಕೊಳ್ಳುವುದು ತಾನೇ ಬೆಳೆಸಿದ ಕೈಯನ್ನು, ಮತ್ತು ಮೂವರೂ ಸೇರಿ ಸಿದ್ಧಪಡಿಸಿದ ಪ್ರಸಂಗವನ್ನು. ಅದರ ನಡೆಗಳು ರಾಘವನವಾದುದರಿಂದ ಅವನಿಲ್ಲದೆ ಅದನ್ನು ರಂಗಕ್ಕೆ ತರಲು ಶಂಕರನಿಗೆ ಮನಸ್ಸು ಬಾರದು. ಜಯಂತಿ ಕಳೆದುಕೊಳ್ಳುವುದು ‘ಮಗಳೇ’ ಎಂದು ಕರೆಯುತ್ತಿದ್ದ ರಾಘವನ ತಾಯಿಯನ್ನು, ಮಾತಿಗೆ ತಪ್ಪದವಳೆಂಬ ತನ್ನದೇ ನಂಬಿಕೆಯನ್ನು. ಅವಳ ಇನ್ನೊಂದು ಬೆಲೆ ಕಾಲದ್ದು. ನಾಲ್ಕು ವರ್ಷ ಕಾದು ಸಾಕಾದವಳು ಮದುವೆಯಾಗುತ್ತಿರುವುದು ಭಾಗವತನನ್ನು. ಇನ್ನು ಅವಳು ಪ್ರತಿ ವರ್ಷವೂ ದೀಪಾವಳಿಯಿಂದ ಪತ್ತನಾಜೆಯವರೆಗೆ ಕಾಯಬೇಕು. ಕಾಯುವಿಕೆಯಿಂದ ತಪ್ಪಿಸಿಕೊಂಡು ಅವಳು ಕಾಯುವಿಕೆಗೇ ಬಂದಳು, ಈ ಸಲ ಅದನ್ನು ತಾನೇ ಆರಿಸಿಕೊಂಡಳು ಎಂಬುದಷ್ಟೇ ವ್ಯತ್ಯಾಸ.

ಯಾರು ಏನನ್ನು ಬಯಸಿದ್ದರೋ ಅದೇ ನಾಣ್ಯದಲ್ಲಿ ಬೆಲೆ ಸಲ್ಲಬೇಕೆಂದು ಮೊದಲಿನ ಹೆಜ್ಜೆಯಲ್ಲಿ ನಾನು ಹೇಳಿದ್ದು ಇದನ್ನೇ. ಜಯಂತಿಗೆ ಕೆಲಸ ಹೋಯಿತು ಎಂದೋ, ಶಂಕರನಿಗೆ ಸಾಲ ಬಂತು ಎಂದೋ ಬರೆದರೆ ನಷ್ಟವಾದೀತು, ಆದರೆ ಆ ನಷ್ಟಕ್ಕೂ ಅವರ ಪ್ರೀತಿಗೂ ಸಂಬಂಧವಿರುವುದಿಲ್ಲ.

ಆರನೆಯ ಹೆಜ್ಜೆ: ಹೇಳುವ ದೃಶ್ಯ

ಈ ದೃಶ್ಯದಲ್ಲಿ ಇಬ್ಬರೇ ಇರಲಿ, ಮೂರನೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವುದು ಬೇಡ. ನಿರ್ಧಾರ ಮಾಡುವವರಿಗೆ ಬೆಲೆ ಏನೆಂಬುದು ಮೊದಲೇ ಗೊತ್ತಿರಲಿ. ಮಾತುಗಳು ಚಿಕ್ಕವಾಗಿರಲಿ, ಏಕೆಂದರೆ ಈ ಹೊತ್ತಿಗೆ ಓದುಗರಿಗೆ ಎಲ್ಲ ಕಾರಣಗಳೂ ತಿಳಿದಿವೆ. ಪತ್ತನಾಜೆ ಕಳೆದು, ಮಳೆ ಹಿಡಿದ ಮೇಲೆ ರಾಘವ ಜಯಂತಿಯ ಮನೆಯ ಜಗಲಿಗೆ ಬರುತ್ತಾನೆ:

“ಮದುವೆಯ ಲೆಕ್ಕ ಎಲ್ಲ ಮುಗಿಯಿತು. ಸೊಸೈಟಿಗೆ ಇನ್ನು ಎರಡು ಕಂತು ಅಷ್ಟೆ. ಟೀಚರ ಮನೆಗೆ ಯಾವಾಗ ಹೋಗುವುದು ಅಂತ ಅಮ್ಮ ದಿನಾ ಕೇಳ್ತಾಳೆ.”

“ಅಮ್ಮನನ್ನು ಕರೆದುಕೊಂಡು ಬರಬೇಡ ರಾಘವ.”

“ಆಟಿ ತಿಂಗಳು ಕಳೆಯಲಿ ಅಂತಲಾ?”

“ಆಟಿ ಕಳೆದ ಮೇಲೂ ಬೇಡ.”

ಅವನು ಕೊಡೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು, ಮತ್ತೆ ಎತ್ತಿ ಒರಗಿಸಿದ.

“ಯಾರು?”

ಅವಳು ಹೇಳಿದಳು.

“ಗೊತ್ತಿದ್ದೂ ಅವರು...”

“ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಬಾರದು ಅಂತ ನೀನೇ ಹೇಳಿದ್ದೆ.”

“ಹೌದು,” ಎಂದ ರಾಘವ. “ನಾನೇ ಹೇಳಿದ್ದೆ. ಕಾಯುತ್ತೀಯಾ ಅಂತ ಮಾತ್ರ ಕೇಳಲಿಲ್ಲ.”

ಕೊನೆಯ ವಾಕ್ಯವನ್ನು ರಾಘವನೇ ಹೇಳುತ್ತಾನೆ ಎಂಬುದು ಇಲ್ಲಿ ಮುಖ್ಯ. ಜಯಂತಿ ಅದನ್ನು ಆರೋಪವಾಗಿ ಹೇಳಿದ್ದರೆ ಅವಳು ತನ್ನ ನಿರ್ಧಾರವನ್ನು ಅವನ ತಪ್ಪಿನ ಮೇಲೆ ಹೊರಿಸಿದಂತಾಗುತ್ತಿತ್ತು. ಅವನು ತಾನಾಗಿ ಕಂಡುಕೊಂಡದ್ದರಿಂದ ಅವನ ಘನತೆ ಉಳಿಯುತ್ತದೆ, ಅವಳ ಹೊರೆ ಹೆಚ್ಚುತ್ತದೆ. ನಿಮ್ಮ ಕಥೆಯ ಇಂಥ ದೃಶ್ಯದಲ್ಲಿ ಆರೋಪವೆನಿಸುವ ಪ್ರತಿ ಮಾತನ್ನೂ ಆರೋಪಿಯ ಬಾಯಿಗೇ ವರ್ಗಾಯಿಸಿ ನೋಡಿ. ಹೆಚ್ಚಿನ ಸಲ ದೃಶ್ಯ ಉತ್ತಮಗೊಳ್ಳುತ್ತದೆ. ಹಾಗೆಂದು ರಾಘವನು ಇಲ್ಲಿಯೇ ಕ್ಷಮಿಸಿಬಿಡಬಾರದು. ಕೋಪ ಅವನ ಹಕ್ಕು, ಅದನ್ನು ಅವನು ಹೇಗೆ ಬಳಸುತ್ತಾನೆಂಬುದು ಮುಂದಿನ ದೃಶ್ಯಕ್ಕಿರಲಿ.

ಏಳನೆಯ ಹೆಜ್ಜೆ: ಬೆಲೆ ತೆರುವುದನ್ನು ತೋರಿಸುವುದು

ಬೆಲೆಪಟ್ಟಿ ಲೇಖಕರ ಹಾಳೆಯಲ್ಲಿದ್ದರೆ ಸಾಲದು, ಅದರ ಪ್ರತಿಯೊಂದು ಸಾಲೂ ಕಥೆಯಲ್ಲಿ ಒಂದು ಘಟನೆಯಾಗಿ ನಡೆಯಬೇಕು. ನಿರ್ಧಾರವಾದ ತಕ್ಷಣ ಕಥೆಯನ್ನು ನಿಲ್ಲಿಸುವುದರಿಂದಲೇ ಅನೇಕ ಒಳ್ಳೆಯ ಕಥೆಗಳಲ್ಲಿ ಬೆಲೆಯೆಂಬುದು ಬರಿಯ ಮಾತಾಗಿ ಉಳಿಯುತ್ತದೆ. ಕಥೆಯ ಕೊನೆಯ ಐದನೆಯ ಒಂದು ಭಾಗವನ್ನಾದರೂ ಇದಕ್ಕೆ ಮೀಸಲಿಡಿ, ಮತ್ತು ಕೆಲವು ತಿಂಗಳು ಮುಂದಕ್ಕೆ ಹೋಗಿ. ಬೆಲೆಯ ತೂಕ ದುಃಖದ ಮೊದಲ ದಿನ ತಿಳಿಯುವುದಿಲ್ಲ, ಎಂದಿನ ಒಂದು ದಿನದಲ್ಲಿ ತಿಳಿಯುತ್ತದೆ.

ನಮ್ಮ ಕಥೆಯಲ್ಲಿ ಮುಂದಿನ ತಿರುಗಾಟಕ್ಕೆ ರಾಘವ ಇನ್ನೊಂದು ಮೇಳ ಸೇರುತ್ತಾನೆ. ಶಂಕರನ ಪಕ್ಕದಲ್ಲಿ ಕುಳಿತ ಹೊಸಬ ಚೆನ್ನಾಗಿಯೇ ನುಡಿಸುತ್ತಾನೆ. ಅವನನ್ನು ಅಸಮರ್ಥನನ್ನಾಗಿ ಮಾಡಬೇಡಿ, ಮಾಡಿದರೆ ನಷ್ಟ ಅಗ್ಗವಾಗುತ್ತದೆ. ಪದ್ಯದ ಒಂದು ತಿರುವಿನಲ್ಲಿ ಶಂಕರನು ರೂಢಿಯಂತೆ ಸ್ವಲ್ಪ ಹೆಚ್ಚು ಎಳೆಯುತ್ತಾನೆ, ಹೊಸಬನ ಕೈ ಸರಿಯಾದ ಜಾಗದಲ್ಲಿ ಬೀಳುತ್ತದೆ, ಶಂಕರ ಮಾತ್ರ ಅಲ್ಲಿ ಇಲ್ಲ. ಸಭೆಗೆ ಏನೂ ತಿಳಿಯುವುದಿಲ್ಲ. ಸಭೆಯಲ್ಲಿ ಕುಳಿತ ಜಯಂತಿಗೆ ತಿಳಿಯುತ್ತದೆ, ಮತ್ತು ಕಾರಣ ತಾನು ಎಂಬುದೂ ತಿಳಿಯುತ್ತದೆ. ಒಂದೇ ಘಟನೆಯಲ್ಲಿ ಇಬ್ಬರ ಬೆಲೆ ಹೀಗೆ ಸಂದಾಯವಾಗುತ್ತದೆ. ರಾಘವನದಕ್ಕೆ ಬೇರೊಂದು ದೃಶ್ಯ ಬೇಕು: ಹೊಸ ಮೇಳದ ಭಾಗವತ ಆಟ ಮುಗಿದ ಮೇಲೆ ಅವನ ಕೈಯನ್ನು ಮನಸಾರೆ ಹೊಗಳುತ್ತಾನೆ, ರಾಘವನು ನಗುತ್ತಾ ಚೆಂಡೆಯ ಹಗ್ಗ ಸಡಿಲಿಸುತ್ತಾನೆ. ಯಾರ ಹೊಗಳಿಕೆಗಾಗಿ ಅವನು ನುಡಿಸುತ್ತಿದ್ದನೆಂದು ನಿರೂಪಕ ಹೇಳಬೇಕಾಗಿಲ್ಲ, ಮೊದಲರ್ಧದ ದೃಶ್ಯಗಳು ಅದನ್ನು ಹೇಳಿಯಾಗಿದೆ.

ಜಯಂತಿ ಮತ್ತು ಶಂಕರರ ಸುಖವನ್ನೂ ತೋರಿಸಲು ಮರೆಯಬಾರದು. ಬೆಲೆ ಕೊಟ್ಟು ಪಡೆದದ್ದು ಬೆಲೆಬಾಳುವಂಥದ್ದಾಗಿಲ್ಲದಿದ್ದರೆ ಕಥೆ ಅವರನ್ನು ದಂಡಿಸುತ್ತಿದೆ ಎಂದಾಗುತ್ತದೆ, ಮತ್ತು ಆಗ ಇಬ್ಬರೂ ಹಿಂಬಾಗಿಲಿನಿಂದ ಖಳರಾಗಿಬಿಡುತ್ತಾರೆ.

ಕೊನೆಯ ಹೆಜ್ಜೆ: ಕರಡನ್ನು ಪರೀಕ್ಷಿಸುವುದು

ಕರಡು ಮುಗಿದ ಮೇಲೆ, ಹೇಳುವ ದೃಶ್ಯವನ್ನು ಉಳಿದ ಇಬ್ಬರ ಕಣ್ಣಿನಿಂದಲೂ ಒಂದೊಂದು ಪುಟದಲ್ಲಿ ಮತ್ತೆ ಬರೆಯಿರಿ. ಇದು ಪ್ರಕಟಣೆಗಲ್ಲ. ರಾಘವನ ಕಣ್ಣಿನಿಂದ ಬರೆಯುವಾಗ ಕಥೆಯಲ್ಲಿ ಎಲ್ಲೂ ಇಲ್ಲದ ಒಂದು ಹೊಸ ಕಾರಣ, ಒಂದು ಹೊಸ ನೆನಪು ನಿಮಗೆ ಸಿಕ್ಕಿದರೆ ಕಥೆಯಲ್ಲಿ ಅವನಿಗೆ ಇನ್ನೂ ನ್ಯಾಯ ಸಂದಿಲ್ಲ ಎಂದರ್ಥ, ಅದನ್ನು ಮೊದಲರ್ಧಕ್ಕೆ ತಂದು ಸೇರಿಸಬೇಕು. ಬರೆಯಲು ಏನೂ ಸಿಗದೆ ಕೈ ನಿಂತುಹೋದರೆ ಆ ಪಾತ್ರ ಇನ್ನೂ ಮನುಷ್ಯನಾಗಿಲ್ಲ, ಅವನ ಮೂರು ಸಾಲುಗಳಿಗೆ ಹಿಂದಿರುಗಬೇಕು.

ಆಮೇಲೆ ಕೆಲವು ಓದುಗರಿಗೆ ಕರಡನ್ನು ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳದೆ, ತಪ್ಪು ಯಾರದು ಎಂದು ಮಾತ್ರ ಕೇಳಿ. ಎಲ್ಲರೂ ಒಂದೇ ಹೆಸರು ಹೇಳಿದರೆ ಎಲ್ಲೋ ಒಂದು ಕಡೆ ತಕ್ಕಡಿ ವಾಲಿದೆ. ಅಂಥ ಸಂದರ್ಭದಲ್ಲಿ ಆ ಪಾತ್ರಕ್ಕೆ ಒಳ್ಳೆಯ ಮಾತುಗಳನ್ನು ಸೇರಿಸುವುದಕ್ಕಿಂತ, ಅವರು ಕಥೆಯ ಆರಂಭದಲ್ಲಿ ಇನ್ನೊಬ್ಬರಿಗಾಗಿ ಮಾಡಿದ ಒಂದು ಕೆಲಸವನ್ನು ಸೇರಿಸುವುದು ಹೆಚ್ಚು ಫಲ ಕೊಡುತ್ತದೆ. ಜಯಂತಿಯ ಕಥೆಯಲ್ಲಿ ಓದುಗರು ದೂರುವುದು ಬಹುಶಃ ಅವಳನ್ನೇ, ಏಕೆಂದರೆ ಮಾತಿಗೆ ತಪ್ಪಿದವಳು ಅವಳು. ಆಗ ಅವಳ ಪರವಾಗಿ ವಾದಿಸುವ ಸಾಲುಗಳನ್ನು ಕತ್ತರಿಸಿ, ರಾಘವನ ತಾಯಿಯನ್ನು ಅವಳು ಆಸ್ಪತ್ರೆಗೆ ಕರೆದೊಯ್ದ ದಿನವನ್ನು ಇಡಿಯಾಗಿ ಬರೆಯಿರಿ. ಒಬ್ಬರು ರಾಘವನ ಹೆಸರನ್ನೂ, ಇನ್ನೊಬ್ಬರು ಜಯಂತಿಯ ಹೆಸರನ್ನೂ ಹೇಳಿ, ಮೂರನೆಯವರು ಸ್ವಲ್ಪ ಹೊತ್ತು ಯೋಚಿಸಿ ಯಾರ ಹೆಸರನ್ನೂ ಹೇಳಲಾರದೆ ಹೋದರೆ ಕರಡನ್ನು ಅಲ್ಲಿಗೆ ಬಿಟ್ಟು ಭಾಷೆ ತಿದ್ದಲು ತೊಡಗಬಹುದು.